ಮೇಲ್ ಬರೆಯುವಾಗ ಮುಖ್ಯ ಮಾತು ಮೊದಲು

(ಪುಣೆಯಲ್ಲಿ ನಡೆದ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



‘ನೀನು ಐಟಿಯಲ್ಲಿದ್ದೀಯ, ಕಂಪ್ಯೂಟರಿನ ಬಗ್ಗೆ ಏನಾದರೂ ಹೇಳು’ ಎಂದು ಕಾರ್ಯದರ್ಶಿಯವರು ಕೇಳಿದಾಗ ನಾನು ಇಮೇಲ್ ಬಗ್ಗೆ ಮಾತಾಡುತ್ತೇನೆ ಎಂದೆ. ಅವರಿಗೆ ಸ್ವಲ್ಪ ನಿರಾಸೆಯಾಯಿತು. ಮೇಲ್ ಬರೆಯಲು ಯಾರಿಗೆ ಬರುವುದಿಲ್ಲ ಎಂದರು. ನನಗೇ ಬರುವುದಿಲ್ಲ, ಅದಕ್ಕೇ ಅದನ್ನು ಆರಿಸಿಕೊಂಡೆ ಎಂದು ಹೇಳಿದೆ. ಇದು ವಿನಯದ ಮಾತಲ್ಲ. ಹೋದ ರಾಜ್ಯೋತ್ಸವದ ಸಮಯದಲ್ಲಿ ನಾನು ಬರೆದ ಒಂದು ಮೇಲ್‌ನಿಂದ ಏನಾಯಿತು ಎಂಬುದು ಇಲ್ಲಿ ಕೂತಿರುವ ಕೆಲವರಿಗೆ ಗೊತ್ತಿದೆ. ಉಳಿದವರಿಗೆ ಇವತ್ತು ಹೇಳುತ್ತೇನೆ.

ಸಮೂಹಗಾನದ ತಾಲೀಮು ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದು ಸಭಾಂಗಣದಲ್ಲಿ ನಡೆಯುತ್ತಿತ್ತು. ಒಂದು ವಾರ ಆ ಸಭಾಂಗಣವನ್ನು ನಿಶ್ಚಿತಾರ್ಥಕ್ಕೆ ಕೊಟ್ಟುಬಿಟ್ಟಿದ್ದರು. ನಾವು ತಾಲೀಮನ್ನು ಕೊಥ್ರೂಡಿನ ಒಂದು ಸೊಸೈಟಿಯ ಕ್ಲಬ್ ಹೌಸಿಗೆ, ಮಧ್ಯಾಹ್ನ ಮೂರು ಗಂಟೆಗೆ ಬದಲಾಯಿಸಿದೆವು. ಎಲ್ಲರಿಗೂ ಮೇಲ್ ಕಳಿಸುವ ಕೆಲಸ ನನ್ನದು. ಬುಧವಾರ ರಾತ್ರಿ ಕಳಿಸಿದೆ. ನಿಗಡಿಯಲ್ಲಿರುವ ನಮ್ಮ ಹಿರಿಯ ಸದಸ್ಯೆಯೊಬ್ಬರು, ನಾವೆಲ್ಲ ಕಾಕೂ ಎಂದೇ ಕರೆಯುವವರು, ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹಳೆಯ ಸಭಾಂಗಣಕ್ಕೇ ಹೋದರು. ಬಾಗಿಲಲ್ಲಿ ಯಾರೋ ಪನ್ನೀರು ಚಿಮುಕಿಸಿ, ಕುಂಕುಮ ಕೊಟ್ಟು, ಹುಡುಗಿಯ ಕಡೆಯವರೆಂದು ತಿಳಿದು ಒಳಗೆ ಕೂರಿಸಿದರು. ಅರ್ಧ ಗಂಟೆ ನಮ್ಮಲ್ಲಿ ಯಾರಾದರೂ ಕಾಣುತ್ತಾರಾ ಎಂದು ನೋಡಿ, ಆಮೇಲೆ ಹೊರಗೆ ಬಂದು ನನಗೆ ಫೋನ್ ಮಾಡಿದರು. ಮೂರು ಗಂಟೆಗೆ ಕೊಥ್ರೂಡಿಗೆ ಬರುವ ಶಕ್ತಿ ಅವರಿಗೆ ಉಳಿದಿರಲಿಲ್ಲ. ಮನೆಗೆ ಹೋದರು. ಮುಂದಿನ ವಾರದ ತಾಲೀಮಿಗೂ ಬರಲಿಲ್ಲ.

ನಾನು ಮನೆಗೇ ಹೋಗಿ ಕ್ಷಮೆ ಕೇಳಿದೆ. ‘ಕಾಕೂ, ಮೇಲ್ ನೋಡಿರಲಿಲ್ಲವಾ?’ ಎಂದು ಬೇರೆ ಕೇಳಿದೆ. ಅವರು ಫೋನ್ ತೆಗೆದು ನನ್ನ ಮುಂದೆ ಹಿಡಿದರು. ‘ನೋಡೀನಲ್ಲವಾ. ನೀನ ಬರದೀ ನೋಡು, ಎಂದಿನಂಗ ಅಂತ.’

ಅವರ ಫೋನಿನಲ್ಲಿ ನನ್ನ ಮೇಲ್‌ನ ವಿಷಯದ ಸಾಲು ಹೀಗೆ ಕಾಣುತ್ತಿತ್ತು:

‘ಈ ಭಾನುವಾರದ ರಾಜ್ಯೋತ್ಸವ ಸಮೂಹಗಾನದ ತಾಲೀಮು ಎಂದಿ…’

ನಾನು ಬರೆದದ್ದು ಪೂರ್ತಿಯಾಗಿ ಇದು:

‘ಈ ಭಾನುವಾರದ ರಾಜ್ಯೋತ್ಸವ ಸಮೂಹಗಾನದ ತಾಲೀಮು ಎಂದಿನ ಸಭಾಂಗಣದಲ್ಲಿ ಇರುವುದಿಲ್ಲ.’

‘ಎಂದಿ’ ಎಂಬಲ್ಲಿ ಫೋನು ಕತ್ತರಿಸಿತು. ಉಳಿದದ್ದನ್ನು ಕಾಕೂ ತಾವೇ ತುಂಬಿಕೊಂಡರು. ‘ಎಂದಿ’ ಎಂದು ಶುರುವಾದರೆ ನಾನೂ ನೀವೂ ‘ಎಂದಿನಂತೆ’ ಎಂದೇ ತುಂಬಿಕೊಳ್ಳುತ್ತೇವೆ. ನಾನು ಹೇಳಿದ್ದರ ಪೂರ್ತಿ ತಿರುವುಮುರುವು ಅರ್ಥ ಅವರಿಗೆ ತಲುಪಿತ್ತು. ಓದಿದವರ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದ ಮೇಲೆ ಅದರ ಬಗ್ಗೆ ಬಹಳ ಯೋಚಿಸಿದೆ. ಆಫೀಸಿನಲ್ಲಿ ದಿನಕ್ಕೆ ಹತ್ತಾರು ಮೇಲ್ ಬರೆಯುತ್ತೇನೆ. ಅಲ್ಲಿ ಇಂತಹ ಅನಾಹುತ ಆದದ್ದಿಲ್ಲ. ಮುಖ್ಯ ವಿಷಯ ಮೊದಲು ಬರೆಯಬೇಕು ಎಂಬುದು ನನಗೆ ಹೊಸದೂ ಅಲ್ಲ. ಪತ್ರಿಕೆಯ ವರದಿಗಾರರು ಅದನ್ನು ತಲೆಮಾರುಗಳಿಂದ ಮಾಡುತ್ತಿದ್ದಾರೆ, ಅಮೆರಿಕದ ಸೈನ್ಯದಲ್ಲಿ ಪತ್ರ ಬರೆಯುವ ನಿಯಮವೇ ಅದು. ಹಾಗಾದರೆ ಕನ್ನಡದಲ್ಲಿ ಬರೆಯುವಾಗ ಕೈ ಯಾಕೆ ತಪ್ಪಿತು?

ಉತ್ತರ ನಮ್ಮ ವಾಕ್ಯದೊಳಗೇ ಇದೆ. ಇಂಗ್ಲಿಷಿನಲ್ಲಿ ‘ನೋ ಪ್ರಾಕ್ಟೀಸ್ ಅಟ್ ದಿ ಹಾಲ್’ ಎಂದು ಬರೆದರೆ ‘ಇಲ್ಲ’ ಎಂಬುದು ಮೊದಲ ಪದ. ಎಲ್ಲಿ ಕತ್ತರಿಸಿದರೂ ಅದು ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ ಎಂಬುದು ಆ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ನಡೆಯುವುದಿಲ್ಲ, ಬರಬೇಡಿ, ಸಾಧ್ಯವಾಗಲಿಲ್ಲ, ರದ್ದಾಗಿದೆ, ಮುಂದೂಡಲಾಗಿದೆ. ಎದುರಿಗೆ ಕೂತು ಮಾತಾಡುವಾಗ ಇದರಿಂದ ತೊಂದರೆ ಇಲ್ಲ, ಕೇಳುವವರು ಕೊನೆಯವರೆಗೂ ಕೇಳುತ್ತಾರೆ. ಕಾಗದದಲ್ಲೂ ತೊಂದರೆ ಇಲ್ಲ, ಸಾಲು ಕಣ್ಣ ಮುಂದೆ ಪೂರ್ತಿ ಇರುತ್ತದೆ. ಫೋನು ಮಾತ್ರ ಸಾಲಿನ ಕೊನೆಯನ್ನೇ ಕತ್ತರಿಸುತ್ತದೆ. ನಮ್ಮ ಭಾಷೆ ಮುಖ್ಯವಾದದ್ದನ್ನು ಎಲ್ಲಿಡುತ್ತದೋ ಅಲ್ಲಿಗೇ ಫೋನಿನ ಕತ್ತರಿ ಬೀಳುತ್ತದೆ.

ಫೋನು ಎಷ್ಟು ತೋರಿಸುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಮೇಲ್ ತೆರೆಯುವ ಮೊದಲು ನಮಗೆ ಕಾಣುವುದು ಮೂರೇ: ಕಳಿಸಿದವರ ಹೆಸರು, ವಿಷಯದ ಸಾಲು, ಅದರ ಕೆಳಗೆ ಬೂದು ಬಣ್ಣದಲ್ಲಿ ಮೇಲ್‌ನ ಮೊದಲ ಕೆಲವು ಪದಗಳು. ಜಿಮೇಲ್ ಆ್ಯಪ್‌ನಲ್ಲಿ ಪಟ್ಟಿ ನೋಡುವಾಗ ವಿಷಯಕ್ಕೆ ಒಂದು ಸಾಲು, ಈ ಮೊದಲ ಪದಗಳಿಗೆ ಒಂದು ಸಾಲು ಸಿಗುತ್ತದೆ. ಐಫೋನಿನ ಮೇಲ್ ಆ್ಯಪ್ ಸ್ವಲ್ಪ ಉದಾರಿ, ಮೊದಲ ಪದಗಳಿಗೆ ಎರಡು ಸಾಲು ಕೊಡುತ್ತದೆ. ನನ್ನ ಫೋನಿನಲ್ಲಿ ಕನ್ನಡದ ವಿಷಯವಾದರೆ ಐದಾರು ಪದ ಹಿಡಿಯುತ್ತದೆ. ನಮ್ಮ ಅಕ್ಷರಗಳು ಇಂಗ್ಲಿಷಿನವಕ್ಕಿಂತ ಅಗಲ, ಪದಗಳೂ ಉದ್ದ, ‘ಸಮೂಹಗಾನದ’ ಒಂದೇ ಎಷ್ಟು ಜಾಗ ತಿನ್ನುತ್ತದೆ ನೋಡಿ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಇನ್ನೂ ಕಡಿಮೆ ಕಾಣುತ್ತದೆ. ಅರವತ್ತು ದಾಟಿದ ನಮ್ಮ ಸದಸ್ಯೆಯರಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳದವರು ಯಾರಿದ್ದಾರೆ?

ಹಾಗಾಗಿ ವಿಷಯದ ಸಾಲಿನಲ್ಲಿ ನಾನು ಈಗ ಪೂರ್ತಿ ವಾಕ್ಯ ಬರೆಯುವುದಿಲ್ಲ. ಬದಲಾವಣೆಯ ಪದವನ್ನು ಎಳೆದು ತಂದು ಮುಂದೆ ಕೂರಿಸುತ್ತೇನೆ. ‘ಭಾನುವಾರದ ತಾಲೀಮು ರದ್ದಾಗಿದೆ’ ಎನ್ನುವ ಬದಲು ‘ರದ್ದು: ಭಾನುವಾರದ ತಾಲೀಮು’. ‘ಸ್ಥಳ ಬದಲು: …’, ‘ಹಣ ಕಟ್ಟಿ: …’, ‘ಉತ್ತರ ಬೇಕು: …’. ಹೀಗೆ ಬರೆದರೆ ಬಾಲ ತುಂಡಾದರೂ ತಲೆ ಉಳಿಯುತ್ತದೆ. ನಮ್ಮವರಿಗೆ ಇದು ಹೊಸದೇನಲ್ಲ. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ, ಕುಂಕುಮ ಹಚ್ಚುತ್ತಿದ್ದದ್ದು ಮತ್ತೇಕೆ? ಒಳಗಿನ ಒಂದು ಅಕ್ಷರ ಓದುವ ಮೊದಲೇ ಶುಭ ಸಮಾಚಾರ ಎಂದು ತಿಳಿಯುತ್ತಿತ್ತು.

ಇನ್ನೊಂದು ಬದಲಾವಣೆ ಮಾಡಿಕೊಂಡಿದ್ದೇನೆ. ತಾಲೀಮು ಎಲ್ಲಿ ಇಲ್ಲ ಎಂದು ಹೇಳುವುದನ್ನು ಬಿಟ್ಟು ಎಲ್ಲಿ ಇದೆ ಎಂದು ಹೇಳುತ್ತೇನೆ. ‘ಎಂದಿನ ಸಭಾಂಗಣ’ ಎಂಬ ಮಾತು ನನ್ನ ವಿಷಯದ ಸಾಲಿನಲ್ಲಿ ಇರಬೇಕಾಗಿಯೇ ಇರಲಿಲ್ಲ. ಅವಸರದಲ್ಲಿ ಓದುವವರ ಕಣ್ಣಿಗೆ ಹಳೆಯ ಸ್ಥಳದ ಹೆಸರು ಬಿದ್ದರೆ ಅವರು ಅಲ್ಲಿಗೇ ಹೋಗುತ್ತಾರೆ. ‘ಮುಂದಕ್ಕೆ’, ‘ಹಿಂದಕ್ಕೆ’ ಎಂಬ ಪದಗಳನ್ನೂ ಬಿಟ್ಟಿದ್ದೇನೆ. ‘ತಾಲೀಮನ್ನು ಒಂದು ಗಂಟೆ ಮುಂದಕ್ಕೆ ಹಾಕಲಾಗಿದೆ’ ಎಂದರೆ ಹತ್ತರದು ಹನ್ನೊಂದಕ್ಕೋ ಒಂಬತ್ತಕ್ಕೋ? ನಮ್ಮ ಮನೆಯಲ್ಲೇ ಇದಕ್ಕೆ ಎರಡು ಅಭಿಪ್ರಾಯ ಇದೆ. ಹೊಸ ಗಂಟೆ ಬರೆದುಬಿಟ್ಟರೆ ಆ ಜಗಳವೇ ಇಲ್ಲ.

ಈಗ ಮೇಲ್‌ನ ಒಳಗೆ ಹೋಗೋಣ. ಯಾಕೆಂದರೆ ಕಾಕೂ ಬರೀ ವಿಷಯದ ಸಾಲು ನೋಡಿ ಸುಮ್ಮನಾಗಿರಲಿಲ್ಲ, ಮೇಲ್ ತೆರೆದಿದ್ದರು. ನಾನು ಬರೆದದ್ದನ್ನು ನಾಚಿಕೆ ಬಿಟ್ಟು ಇಲ್ಲಿ ಓದುತ್ತೇನೆ:

‘ಎಲ್ಲ ಸದಸ್ಯೆಯರಿಗೂ ಆದರದ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ಕಳೆದ ಮೂರು ವಾರಗಳಿಂದ ತಾವೆಲ್ಲರೂ ಮನೆ, ಕಚೇರಿಯ ಕೆಲಸಗಳ ನಡುವೆಯೂ ಬಿಡುವು ಮಾಡಿಕೊಂಡು ತಾಲೀಮಿನಲ್ಲಿ ಉತ್ಸಾಹದಿಂದ ಪಾಲ್ಗೊಳ್ಳುತ್ತಿರುವುದು ನಮಗೆಲ್ಲ ಸಂತೋಷ ತಂದಿದೆ. ನಾವು ಎಂದಿನಂತೆ ಭಾನುವಾರ ಬೆಳಿಗ್ಗೆ 10 ಗಂಟೆಗೆ ಸೇರುವುದೆಂದು ನಿರ್ಧರಿಸಿದ್ದೆವಾದರೂ, ಅಂದು ಸಭಾಂಗಣವನ್ನು ನಿಶ್ಚಿತಾರ್ಥವೊಂದಕ್ಕೆ ನೀಡಲಾಗಿರುವುದಾಗಿ ಅಲ್ಲಿನ ವ್ಯವಸ್ಥಾಪಕರು ನಿನ್ನೆ ಸಂಜೆ ತಿಳಿಸಿರುವ ಕಾರಣ, ಸಮಿತಿಯ ಸದಸ್ಯೆಯರೊಂದಿಗೆ ಚರ್ಚಿಸಿ, ಕೊಥ್ರೂಡಿನಲ್ಲಿರುವ ನಮ್ಮ ಸದಸ್ಯೆಯೊಬ್ಬರ ಸೊಸೈಟಿಯ ಕ್ಲಬ್ ಹೌಸಿನಲ್ಲಿ ಮಧ್ಯಾಹ್ನ 3 ಗಂಟೆಗೆ ತಾಲೀಮು ನಡೆಸಲು ತೀರ್ಮಾನಿಸಲಾಗಿದೆ. ಸೀರೆಯ ಬಣ್ಣದ ಬಗ್ಗೆಯೂ ಅಂದೇ ಅಂತಿಮ ನಿರ್ಧಾರ ಮಾಡಬೇಕಿರುವುದರಿಂದ ಹಾಗೂ ಚಹಾ, ತಿಂಡಿಯ ವ್ಯವಸ್ಥೆಗೆ ಸಂಖ್ಯೆ ಬೇಕಾಗಿರುವುದರಿಂದ ತಾವೆಲ್ಲರೂ ಬರುವ ಬಗ್ಗೆ ಶುಕ್ರವಾರದೊಳಗೆ ತಿಳಿಸಬೇಕಾಗಿ ವಿನಂತಿ.’

ಓದಿದಾಗ ಕೆಟ್ಟದಾಗಿ ಕೇಳಿಸುವುದಿಲ್ಲ, ಅಲ್ಲವೇ? ನನ್ನ ಲ್ಯಾಪ್‌ಟಾಪಿನಲ್ಲಿ ಅದು ಎಂಟು ಸಾಲಿನ ಒಂದು ಅಚ್ಚುಕಟ್ಟಾದ ಪ್ಯಾರಾ. ಬರೆದು ಮುಗಿಸಿದಾಗ ಚೆನ್ನಾಗಿ ಬರೆದಿದ್ದೇನೆ ಎಂದು ಖುಷಿಯೂ ಆಗಿತ್ತು. ಕಾಕೂ ಅವರ ಫೋನಿನಲ್ಲಿ ಒಂದು ಸಾಲಿಗೆ ಮೂರು ಪದ ಹಿಡಿಯುತ್ತಿತ್ತು. ಅದೇ ಎಂಟು ಸಾಲು ಅಲ್ಲಿ ಇಪ್ಪತ್ತೈದು ಸಾಲು ಆಗಿತ್ತು, ನಡುವೆ ಒಂದು ಉಸಿರು ಬಿಡುವ ಜಾಗವಿಲ್ಲ. ನಮಸ್ಕಾರ, ಕ್ಷೇಮ, ಸಂತೋಷ ಎಲ್ಲ ಮುಗಿಯುವಷ್ಟರಲ್ಲಿ ತೆರೆಯ ಬಹುಭಾಗ ಹೋಯಿತು. ಆಮೇಲೆ ಅವರಿಗೆ ಕಂಡ ಮೊದಲ ದಿನ, ಮೊದಲ ಗಂಟೆ ಯಾವುದು? ‘ಎಂದಿನಂತೆ ಭಾನುವಾರ ಬೆಳಿಗ್ಗೆ 10 ಗಂಟೆಗೆ ಸೇರುವುದೆಂದು.’ ವಿಷಯದ ಸಾಲಿನಲ್ಲಿ ಅರ್ಧ ಕಂಡ ‘ಎಂದಿ’ ಇಲ್ಲಿ ಪೂರ್ತಿಯಾಯಿತು. ಅವರು ಸರಿ ಎಂದು ಮೇಲ್ ಮುಚ್ಚಿದರು. ‘ನಿರ್ಧರಿಸಿದ್ದೆವಾದರೂ’ ಎಂಬ ಆ ಒಂದು ‘ಆದರೂ’ ಮುಂದಿನ ಸಾಲಿನಲ್ಲಿ ಕೂತಿತ್ತು.

ಈ ಪ್ಯಾರಾದಲ್ಲಿ ಎರಡು ದೋಷ ಇದೆ, ಎರಡೂ ನಮ್ಮ ಬರವಣಿಗೆಯ ಹಳೆಯ ಅಭ್ಯಾಸಗಳು. ಒಂದು, ಕಾರಣ ಮೊದಲು, ನಿರ್ಣಯ ಆಮೇಲೆ. ‘ಆದ್ದರಿಂದ’, ‘ಇರುವ ಕಾರಣ’, ‘ಮಾಡಿ’, ‘ಚರ್ಚಿಸಿ’ ಎಂದು ಕೊಂಡಿ ಹಾಕುತ್ತ ಹಾಕುತ್ತ ಹೋಗಿ ಕೊನೆಯಲ್ಲಿ ‘ತೀರ್ಮಾನಿಸಲಾಗಿದೆ’ ಎನ್ನುತ್ತೇವೆ. ಕನ್ನಡಕ್ಕೆ ಹೀಗೆ ಉದ್ದುದ್ದ ಪೋಣಿಸುವ ಶಕ್ತಿ ಇದೆ, ಆದರೆ ಫೋನಿನಲ್ಲಿ ಓದುವವರು ಆ ದಾರದ ಕೊನೆಯವರೆಗೆ ಬರುವುದಿಲ್ಲ. ಇದಕ್ಕೆ ಮದ್ದು ಸರಳ: ಕೊಂಡಿ ಬಿಚ್ಚಿ. ನಿರ್ಣಯವನ್ನು ಒಂದು ಸಣ್ಣ ವಾಕ್ಯ ಮಾಡಿ ಮೊದಲು ಇಡಿ. ಕಾರಣವನ್ನು ಬೇರೆ ವಾಕ್ಯ ಮಾಡಿ ಕೆಳಗೆ ಇಡಿ. ನಾಲ್ಕೈದು ಪದದ ವಾಕ್ಯವಾದರೆ ಕ್ರಿಯಾಪದ ಕೊನೆಗಿದ್ದರೂ ಚಿಂತೆಯಿಲ್ಲ, ಅದೂ ಕಣ್ಣ ಮುಂದೆಯೇ ಇರುತ್ತದೆ.

ಎರಡನೆಯದು ಕುಶಲ ಸಮಾಚಾರ. ನನ್ನ ಅಜ್ಜ ಬರೆಯುತ್ತಿದ್ದ ಕಾಗದಗಳೆಲ್ಲ ‘ಉಭಯ ಕುಶಲೋಪರಿ’ ಎಂದೇ ಮುಖ್ಯ ವಿಷಯಕ್ಕೆ ಬರುತ್ತಿದ್ದವು. ಎರಡೂ ಕಡೆಯ ಕ್ಷೇಮ ವಿಚಾರಿಸಿಯಾಯಿತು, ಇನ್ನು ವಿಷಯ ಎಂದು ಅದರ ಅರ್ಥ. ಕಾಗದ ಹೋಗಿ ಸೇರಲು ವಾರ ಹಿಡಿಯುತ್ತಿದ್ದ ಕಾಲದಲ್ಲಿ ಕ್ಷೇಮವೇ ಮೊದಲ ಸಮಾಚಾರ. ಅದೇ ಅಜ್ಜ ತಂತಿ ಕಳಿಸುವಾಗ ಕುಶಲ ಕೇಳುತ್ತಿರಲಿಲ್ಲ. ಪದಕ್ಕೆ ದುಡ್ಡು! 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು, ಆದರೆ ಆ ಲೆಕ್ಕಾಚಾರ ನಮಗೆ ಈಗ ಮತ್ತೆ ಬೇಕಾಗಿದೆ. ಬೂದು ಬಣ್ಣದ ಆ ಒಂದು ಸಾಲಿನಲ್ಲಿ ‘ಎಲ್ಲ ಸದಸ್ಯೆಯರಿಗೂ ಆದರದ ನಮಸ್ಕಾರಗಳು’ ಎಂದು ಬರೆದರೆ ಆ ಸಾಲು ಖರ್ಚಾಯಿತು.

ಇದನ್ನು ಸಮಿತಿಯಲ್ಲಿ ಹೇಳಿದಾಗ ಒಬ್ಬರು ಬೇಸರಪಟ್ಟುಕೊಂಡರು. ನಮಸ್ಕಾರ ಇಲ್ಲದೆ ನೇರ ವಿಷಯಕ್ಕೆ ಬಂದರೆ ನೋಟೀಸು ಕೊಟ್ಟಂತೆ ಆಗುತ್ತದೆ, ಹಿರಿಯರಿಗೆ ಅಗೌರವ ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ನಾನು ಕಂಡುಕೊಂಡ ದಾರಿ ಇದು: ಮೇಲೆ ‘ನಮಸ್ಕಾರ’ ಎಂಬ ಒಂದೇ ಪದ. ಅದು ಹೆಚ್ಚು ಜಾಗ ತಿನ್ನುವುದಿಲ್ಲ. ಮೆಚ್ಚುಗೆ, ಕ್ಷೇಮ, ಹಬ್ಬದ ಶುಭಾಶಯ ಎಲ್ಲ ಕೊನೆಗೆ. ಅಲ್ಲಿ ಎಷ್ಟು ಆತ್ಮೀಯವಾಗಿ ಬೇಕಾದರೂ ಬರೆಯಿರಿ. ವಿಷಯ ತಿಳಿದು ನಿರಾಳವಾದವರು ಅದನ್ನು ಸಮಾಧಾನವಾಗಿ ಓದುತ್ತಾರೆ.

ಆ ಮೇಲನ್ನು ನಾನು ಈಗ ಹೀಗೆ ಬರೆಯುತ್ತಿದ್ದೆ. ವಿಷಯದ ಸಾಲು: ‘ಸ್ಥಳ ಬದಲು: ಭಾನುವಾರ 3ಕ್ಕೆ ಕೊಥ್ರೂಡ್’. ಒಳಗೆ:

‘ನಮಸ್ಕಾರ. ಭಾನುವಾರದ ತಾಲೀಮು ಮಧ್ಯಾಹ್ನ 3ಕ್ಕೆ, ಕೊಥ್ರೂಡಿನ ಕ್ಲಬ್ ಹೌಸಿನಲ್ಲಿ.

ಬೆಳಿಗ್ಗೆ ತಾಲೀಮು ಇಲ್ಲ. ಸಭಾಂಗಣದಲ್ಲಿ ಅಂದು ಬೇರೆಯವರ ನಿಶ್ಚಿತಾರ್ಥವಿದೆ.

ನೀವು ಬರುತ್ತೀರಾ? ಶುಕ್ರವಾರ ರಾತ್ರಿಯೊಳಗೆ “ಬರುತ್ತೇನೆ” ಅಥವಾ “ಇಲ್ಲ” ಎಂದು ಉತ್ತರಿಸಿ. ತಿಂಡಿಗೆ ಲೆಕ್ಕ ಬೇಕು.

ದಾರಿ: ಬಸ್ ಸ್ಟಾಪಿನಿಂದ ಐದು ನಿಮಿಷದ ನಡಿಗೆ. ಮೆಟ್ಟಿಲು ಹತ್ತುವಂತಿಲ್ಲ, ಲಿಫ್ಟ್ ಇದೆ. ಮ್ಯಾಪಿನ ಲಿಂಕ್, ನನ್ನ ನಂಬರ್ ಕೆಳಗಿವೆ.

ಸೀರೆಯ ಬಣ್ಣ ಅಂದೇ ಗೊತ್ತು ಮಾಡೋಣ.

ಮೂರು ವಾರದಿಂದ ಎಲ್ಲರೂ ಎಷ್ಟು ಕಷ್ಟಪಟ್ಟು ಬಿಡುವು ಮಾಡಿಕೊಂಡು ಬರುತ್ತಿದ್ದೀರಿ! ಹಾಡು ಈಗ ನಿಜವಾಗಿ ಕುದುರುತ್ತಿದೆ.’

ಮಾಹಿತಿ ಮೊದಲಿನದಕ್ಕಿಂತ ಕಡಿಮೆಯಿಲ್ಲ, ಲಿಫ್ಟಿನ ವಿಷಯ ಹೆಚ್ಚೇ ಇದೆ. ಹೋದದ್ದು ವ್ಯವಸ್ಥಾಪಕರು ನಿನ್ನೆ ಸಂಜೆ ತಿಳಿಸಿದ್ದು, ನಾವು ಚರ್ಚಿಸಿದ್ದು. ಅದು ನಮ್ಮ ಕಷ್ಟದ ಕಥೆ, ಓದುವವರಿಗೆ ಬೇಕಿರಲಿಲ್ಲ. ಒಂದು ಪ್ಯಾರಾಕ್ಕೆ ಒಂದೇ ವಿಷಯ. ಲ್ಯಾಪ್‌ಟಾಪಿನಲ್ಲಿ ಎರಡು ಸಾಲು ದಾಟಿದರೆ ನಾನು ಕತ್ತರಿಸುತ್ತೇನೆ, ಯಾಕೆಂದರೆ ಆ ಎರಡು ಸಾಲು ಫೋನಿನಲ್ಲಿ ಆರೇಳು ಆಗುತ್ತದೆ. ಪ್ಯಾರಾಗಳ ನಡುವೆ ಒಂದು ಖಾಲಿ ಸಾಲು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಚಿಲ್ಲರೆ ಹರಡಿದಂತೆ ಕಾಣುತ್ತದೆ, ಅದಕ್ಕೆ ನಾಚಿಕೊಳ್ಳಬೇಡಿ. ಓದುವುದು ಅಲ್ಲಿ ಅಲ್ಲ.

ಆದರೆ ವಾಕ್ಯದ ಮಧ್ಯೆ ಸಾಲು ಮುರಿಯಲು ಎಂಟರ್ ಒತ್ತಬೇಡಿ. ಟೈಪ್‌ರೈಟರಿನಲ್ಲಿ ಕಲಿತ ಕೆಲವರಿಗೆ ಸಾಲಿನ ಕೊನೆ ಬಂದಾಗ ಎಂಟರ್ ಒತ್ತುವ ರೂಢಿ ಇದೆ. ಅದು ಫೋನಿಗೆ ಬಂದಾಗ ಒಂದು ಸಾಲು ಉದ್ದ, ಒಂದು ಸಾಲು ಎರಡೇ ಪದ, ಹೀಗೆ ಇಲಿ ಕಡಿದ ಹಾಗೆ ಕಾಣುತ್ತದೆ. ಪ್ಯಾರಾ ಮುಗಿದಾಗ ಮಾತ್ರ ಎಂಟರ್, ಉಳಿದದ್ದನ್ನು ಫೋನೇ ತನ್ನ ಅಗಲಕ್ಕೆ ಮಡಚಿಕೊಳ್ಳುತ್ತದೆ.

ಪ್ರಶ್ನೆಯ ಬಗ್ಗೆ ಒಂದು ಮಾತು. ನನ್ನ ಹಳೆಯ ಮೇಲ್‌ನಲ್ಲಿ ಬರುತ್ತೀರಾ ಎಂಬ ಪ್ರಶ್ನೆ ಸೀರೆ, ಚಹಾಗಳ ಜೊತೆ ಕೊನೆಯ ವಾಕ್ಯದ ಕೊನೆಯಲ್ಲಿತ್ತು. ಇಪ್ಪತ್ತಾರು ಜನರಲ್ಲಿ ಏಳು ಜನ ಉತ್ತರಿಸಿದರು. ಅದರಲ್ಲಿ ಐವರು ಸೀರೆಯ ಬಣ್ಣದ ಬಗ್ಗೆ ಬರೆದಿದ್ದರು! ಬಸ್ಸಿನಲ್ಲಿ ನಿಂತು, ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಉತ್ತರಿಸುವವರನ್ನು ನೆನೆಸಿಕೊಂಡು ಕೇಳಿ. ಒಂದು ಮೇಲ್‌ಗೆ ಒಂದೇ ಪ್ರಶ್ನೆ, ಅದಕ್ಕೆ ಒಂದು ಪದದ ಉತ್ತರ ಸಾಕಾಗಬೇಕು. ಎರಡು ಕೇಳಿದರೆ ಸುಲಭವಾದದ್ದಕ್ಕೆ ಮಾತ್ರ ಉತ್ತರ ಬರುತ್ತದೆ.

ಇನ್ನು ನಮ್ಮ ಸಂಘಗಳಲ್ಲಿ ಪದೇ ಪದೇ ಆಗುವ ಮೂರು ತೊಂದರೆಗಳನ್ನು ಹೇಳಿಬಿಡುತ್ತೇನೆ.

ಮೊದಲನೆಯದು ಹಳೆಯ ಮೇಲ್‌ಗೇ ರಿಪ್ಲೈ ಆಲ್ ಒತ್ತಿ ಹೊಸ ಸುದ್ದಿ ಬರೆಯುವುದು. ಹಳೆಯ ವಿಷಯ ‘ತಾಲೀಮು ಭಾನುವಾರ 10ಕ್ಕೆ’ ಎಂದಿದ್ದರೆ, ನೀವು ಒಳಗೆ ಮೂರು ಗಂಟೆ ಎಂದು ಬರೆದರೂ ಪಟ್ಟಿಯಲ್ಲಿ ಕಾಣುವುದು ಆ ಹತ್ತು ಗಂಟೆಯೇ. ಜಿಮೇಲ್ ಒಂದೇ ವಿಷಯದ ಮೇಲ್‌ಗಳನ್ನೆಲ್ಲ ಒಂದು ಕಟ್ಟಾಗಿ ಕಟ್ಟಿ ಇಡುತ್ತದೆ, ಹೊಸದು ಬಂದಿದೆ ಎಂದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಸುದ್ದಿ ಬದಲಾದರೆ ಹೊಸ ಮೇಲ್, ಹೊಸ ವಿಷಯದ ಸಾಲು.

ಎರಡನೆಯದು ಪೋಸ್ಟರ್. ಚೆಂದದ ಚಿತ್ರ ಮಾಡಿ, ಅದರೊಳಗೇ ದಿನ, ಸ್ಥಳ, ಫೋನ್ ನಂಬರ್ ಬರೆದು, ಮೇಲ್‌ನಲ್ಲಿ ‘ಲಗತ್ತು ನೋಡಿ’ ಎಂದಷ್ಟೇ ಹಾಕುತ್ತೇವೆ. ನೋಟೀಸ್ ಬೋರ್ಡಿಗೆ ಮಾಡಿದ ಪೋಸ್ಟರ್ ಫೋನಿನ ಅಗಲಕ್ಕೆ ಕುಗ್ಗಿದಾಗ ಅಕ್ಷರ ಸಾಸಿವೆಯಷ್ಟಾಗುತ್ತದೆ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರೂ ಚಿತ್ರದೊಳಗಿನ ಅಕ್ಷರ ದೊಡ್ಡದಾಗುವುದಿಲ್ಲ. ಚಿತ್ರದಲ್ಲಿರುವ ನಂಬರನ್ನು ಒತ್ತಿ ಕರೆ ಮಾಡಲೂ ಎಲ್ಲ ಫೋನುಗಳಲ್ಲಿ ಆಗುವುದಿಲ್ಲ, ಟೈಪ್ ಮಾಡಿದ ನಂಬರಾದರೆ ಒತ್ತಿದರೆ ಸಾಕು. ಪೋಸ್ಟರ್ ಇರಲಿ, ಕೆಳಗಿರಲಿ. ದಿನ, ಗಂಟೆ, ಸ್ಥಳ, ನಂಬರ್ ಈ ನಾಲ್ಕನ್ನು ಮೇಲ್‌ನಲ್ಲೇ ಟೈಪ್ ಮಾಡಿ.

ಮೂರನೆಯದು ಕನ್ನಡಕ್ಕೇ ಮೀಸಲಾದ ತೊಂದರೆ. ಸ್ಮರಣ ಸಂಚಿಕೆಗೆಂದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಮೇಲ್‌ಗೆ ಅಂಟಿಸುತ್ತಾರೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಇಟ್ಟುಕೊಂಡಿರುತ್ತವೆ. ಕಳಿಸುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಸರಿಯಾಗಿ ಕಾಣುತ್ತದೆ. ನಮ್ಮ ಫೋನಿನಲ್ಲಿ ಅದು ಇಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಅದು ವೈರಸ್ ಅಲ್ಲ, ಹೆದರಬೇಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಈಗಾಗಲೇ ಟೈಪ್ ಆಗಿದ್ದರೆ ಆ ತಂತ್ರಾಂಶಗಳಲ್ಲೇ ಯೂನಿಕೋಡ್‌ಗೆ ಬದಲಾಯಿಸುವ ಸೌಲಭ್ಯ ಇದೆ. ಬದಲಾಯಿಸಿದ ಮೇಲೆ ಒಮ್ಮೆ ಓದಿ, ಒತ್ತಕ್ಷರಗಳು ಅಲ್ಲಲ್ಲಿ ಕೈಕೊಡುತ್ತವೆ.

ಇದೆಲ್ಲ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಈಗ ಒಂದು ಪರೀಕ್ಷೆ ಮಾಡುತ್ತೇನೆ. ಎಲ್ಲರಿಗೂ ಕಳಿಸುವ ಮೊದಲು ನನಗೇ ಕಳಿಸಿಕೊಳ್ಳುತ್ತೇನೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಒಳಗೆ ಫಾಂಟ್ ಸೈಜ್ ಅತ್ಯಂತ ದೊಡ್ಡದು ಮಾಡುತ್ತೇನೆ. ಮೇಲ್ ತೆರೆಯದೆ ಪಟ್ಟಿಯಲ್ಲಿ ಮಾತ್ರ ನೋಡುತ್ತೇನೆ: ಏನು ಬದಲಾಯಿತು, ಯಾವಾಗ ಎಂದು ತಿಳಿಯಿತೇ? ಆಮೇಲೆ ತೆರೆಯುತ್ತೇನೆ, ಬೆರಳಿನಿಂದ ಸರಿಸದೆ ಮೊದಲ ತೆರೆಯಷ್ಟನ್ನೇ ಓದುತ್ತೇನೆ: ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂದು ಗೊತ್ತಾಯಿತೇ? ಮುಖ್ಯವಾಗಿ, ಕತ್ತರಿಸಿದ ಪದದಲ್ಲಿ ತಪ್ಪು ಅರ್ಥ ಹುಟ್ಟುತ್ತದೆಯೇ ಎಂದು ನೋಡುತ್ತೇನೆ. ಎರಡು ನಿಮಿಷದ ಕೆಲಸ. ಆ ಬುಧವಾರ ರಾತ್ರಿ ಇದನ್ನು ಮಾಡಿದ್ದರೆ ‘ಎಂದಿ…’ ನನಗೇ ಕಾಣುತ್ತಿತ್ತು.

ಎಲ್ಲ ಮೇಲ್‌ಗೂ ಇದು ಹೊಂದುವುದಿಲ್ಲ. ಯಾರದಾದರೂ ಮನೆಯಲ್ಲಿ ಸಾವಾದಾಗ ಬರೆಯುವ ಸಾಂತ್ವನದ ಪತ್ರಕ್ಕೆ ಮುಖ್ಯಾಂಶ ಎಂಬುದೇ ಇರುವುದಿಲ್ಲ. ಹಾಡಿನಿಂದ ಒಬ್ಬರನ್ನು ಕೈಬಿಡಬೇಕಾಗಿ ಬಂದರೆ ‘ರದ್ದು: ನಿಮ್ಮ ಹೆಸರು’ ಎಂದು ಬರೆಯಲಾಗುವುದಿಲ್ಲ, ಅದಕ್ಕೆ ಮೇಲೇ ಬೇಡ, ಎದುರು ಕೂತು ಹೇಳಬೇಕು. ಹಾಗೆಯೇ ಇವತ್ತಿನ ಬದಲಾವಣೆಯನ್ನು ಇವತ್ತು ತಿಳಿಸಲು ಮೇಲ್ ನಂಬಬೇಡಿ, ಎಷ್ಟು ಚೆನ್ನಾಗಿ ಬರೆದರೂ ನಾಳೆ ಓದುವವರು ಇದ್ದೇ ಇರುತ್ತಾರೆ. ಶುಕ್ರವಾರ ರಾತ್ರಿಯವರೆಗೆ ಉತ್ತರ ಬರದವರ ಹೆಸರುಗಳನ್ನು ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಶನಿವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಮೊದಲ ಮೇಲ್‌ನ ಕಾಲದಲ್ಲಿ ಆ ಚೀಟಿಯಲ್ಲಿ ಹತ್ತೊಂಬತ್ತು ಹೆಸರು ಇರಬೇಕಿತ್ತು, ನಾನು ಚೀಟಿಯನ್ನೇ ಬರೆದಿರಲಿಲ್ಲ. ಸಂಕ್ರಾಂತಿಯ ಕಾರ್ಯಕ್ರಮದ ಹೊತ್ತಿಗೆ ನಾಲ್ಕಕ್ಕೆ ಇಳಿದಿದೆ.

ಕಾಕೂ ಆವತ್ತು ನನ್ನನ್ನು ಬೈಯಲಿಲ್ಲ. ಚಹಾ ಕೊಟ್ಟು, ‘ಇನ್ನ ಮ್ಯಾಲೆ ನನಗ ಫೋನ್ ಹಚ್ಚಿಬಿಡವಾ, ಈ ಮೇಲ್ ಪೀಲ್ ನಮ್ಮಂಥಾವರಿಗೆ ಅಲ್ಲ’ ಎಂದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಬ್ಯಾಂಕಿನ ಕೆಲಸ, ವಿಮಾನದ ಟಿಕೆಟ್, ಮೊಮ್ಮಗನ ಶಾಲೆಯ ಸೂಚನೆ ಎಲ್ಲ ಅದೇ ಫೋನಿನಲ್ಲಿ ಓದಿ ನಿಭಾಯಿಸುವವರು ಅವರು. ನನ್ನ ಒಂದು ಸಾಲಿನಿಂದ ತಮಗೇ ಏನೋ ಬರುವುದಿಲ್ಲ ಎಂದುಕೊಂಡುಬಿಟ್ಟರು.

ಸಂಕ್ರಾಂತಿಯ ಎಳ್ಳು ಬೀರುವ ಕಾರ್ಯಕ್ರಮದ ಮೇಲ್ ಕಳಿಸಿದ ಹತ್ತು ನಿಮಿಷಕ್ಕೆ ಮೊದಲ ಉತ್ತರ ನಿಗಡಿಯಿಂದ ಬಂತು. ಒಂದೇ ಪದ: ‘ಬರ್ತೇನಿ’.

ಈಗ ಎಲ್ಲರೂ ನಿಮ್ಮ ನಿಮ್ಮ ಫೋನ್ ತೆಗೆಯಿರಿ. ನೀವು ಕೊನೆಯದಾಗಿ ಹತ್ತು ಜನಕ್ಕೆ ಕಳಿಸಿದ ಮೇಲ್ ಯಾವುದು ನೋಡಿ, ಪಕ್ಕದಲ್ಲಿ ಕೂತವರ ಕೈಗೆ ಅವರ ಫೋನಿನಲ್ಲೇ ಬರುವ ಹಾಗೆ ಕಳಿಸಿ. ತೆರೆಯದೆ ಅವರಿಗೆ ಏನು ತಿಳಿಯಿತು ಎಂದು ಕೇಳಿ. ಐದು ನಿಮಿಷ ಇದೆ, ಆಮೇಲೆ ಚಹಾ.